ಒಂದು ಗ್ರೂಪ್ ಉಳಿದ ಲೆಕ್ಕಿಗರ ಅರ್ಜಿಪತ್ರ

ಕೇಳಿದ ಪ್ರಮಾಣಪತ್ರ ಪೂರ್ತಿ ಕೈಯಲ್ಲಿಲ್ಲದ ಲೆಕ್ಕಿಗರು, ಕೆಲಸಕ್ಕೆ ಬರೆದ ಅರ್ಜಿಪತ್ರವನ್ನು ತಿದ್ದಿಕೊಡಿ ಎಂದು ನನ್ನ ಬಳಿ ಬರುವುದು ಹೆಚ್ಚುತ್ತಿದೆ. ಗುರುತು ಮರೆಸಿ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ನಲವತ್ತು ದಾಟಿದ, ಹುಬ್ಬಳ್ಳಿಯ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಇವರು ಬಿ.ಕಾಂ. ಪದವೀಧರರು. ವೆಚ್ಚ ಲೆಕ್ಕಿಗರಾಗಲು ಬರೆಯುವ ಸಿಎಂಎ ಪರೀಕ್ಷೆಯ ನಡುವಿನ ಹಂತವಾದ ಇಂಟರ್‌ನಲ್ಲಿ ಎರಡು ಗ್ರೂಪ್‌ಗಳಿವೆ; ಅವರದು ಒಂದು ಗ್ರೂಪ್ ಪಾಸಾಗಿದೆ, ಇನ್ನೊಂದು ಮನೆಯ ಜವಾಬ್ದಾರಿಯಲ್ಲಿ ಉಳಿದುಹೋಗಿದೆ. ಅವರು ಅರ್ಜಿ ಹಾಕಲಿದ್ದ ಹುದ್ದೆಯ ಜಾಹೀರಾತಿನಲ್ಲಿ "ಸಿಎಂಎ ಇಂಟರ್ ಆದವರಿಗೆ ಆದ್ಯತೆ" ಎಂದಿತ್ತು.

ಅವರ ಪತ್ರದ ಮೊದಲ ಪ್ಯಾರಾ ಪೂರ್ತಿ ಕ್ಷಮೆಯಾಚನೆಯೇ ಆಗಿತ್ತು. ಯಾಕೆಂದು ಕೇಳಿದಾಗ, "ಸರ್ಟಿಫಿಕೇಟ್ ಇಲ್ಲಂದಮ್ಯಾಲೆ ಅದನ್ನ ಮೊದಲ ಹೇಳಬೇಕಲ್ರಿ ಮೇಡಂ" ಎಂದರು. ನಾನು ಜಾಹೀರಾತಿನ ಕೆಲಸಗಳ ಪಟ್ಟಿಯನ್ನು ಅವರ ಮುಂದಿಟ್ಟು, ಇವುಗಳಲ್ಲಿ ಜಿಎಸ್‌ಟಿಯ ತಾಳೆಯನ್ನು ನಿಮ್ಮಲ್ಲಿ ಯಾರು ನೋಡುತ್ತಾರೆಂದು ಕೇಳಿದೆ. "14ಕ್ಕ 2ಬಿ ಬರ್ತದ್ರಿ, 20ರೊಳಗ 3ಬಿ ಹೋಗಬೇಕು. ನಡುವ ಖರೀದಿ ಪುಸ್ತಕದ ಜೊತಿ ಒಂದೊಂದ ಬಿಲ್ ತಾಳೆ ನೋಡಿ, ಯಾರು ಏರಿಸಿಲ್ಲೋ ಅವರಿಗೆ ಫೋನ್ ಹಚ್ಚಿ ಬೆನ್ನು ಹತ್ತೂದು ನಾನರಿ" ಎಂದರು. 2ಬಿ ಎಂದರೆ ಸರಬರಾಜುದಾರರು ತೋರಿಸಿದ ಬಿಲ್ಲುಗಳ ಪಟ್ಟಿ, 3ಬಿ ಎಂದರೆ ಕಾರ್ಖಾನೆ ತೆರಿಗೆ ಕಟ್ಟಿ ಸಲ್ಲಿಸುವ ತಿಂಗಳ ರಿಟರ್ನ್. ಸರಬರಾಜುದಾರರು ಬಿಲ್ಲನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸದಿದ್ದರೆ ಕಾರ್ಖಾನೆಗೆ ಆ ತಿಂಗಳು ಹೂಡುವಳಿ ತೆರಿಗೆಯ, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ, ಆ ಮೊತ್ತವನ್ನು ನಗದಾಗಿ ಕಟ್ಟಬೇಕಾಗುತ್ತದೆ. ಆ ನಷ್ಟವನ್ನು ತಿಂಗಳು ತಿಂಗಳೂ ತಡೆಯುವ ಮನುಷ್ಯ ತನ್ನ ಪತ್ರದಲ್ಲಿ ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

ಪತ್ರವನ್ನು ಈ ಮಾತಿನಿಂದಲೇ ಶುರುಮಾಡಿ ಎಂದೆ. ಎರಡನೆಯ ಪ್ಯಾರಾದಲ್ಲಿ ವರ್ಷಾಂತ್ಯದ ದಾಸ್ತಾನಿನ ಮೌಲ್ಯಮಾಪನ ಮತ್ತು ಲೆಕ್ಕಪರಿಶೋಧಕರಿಗೆ ಸಿದ್ಧಪಡಿಸುವ ಶೆಡ್ಯೂಲುಗಳು ಬಂದವು. ಆ ಹುದ್ದೆಗೆ ಇವೆರಡೂ ಬೇಕಿದ್ದವು. ಪ್ರಮಾಣಪತ್ರದ ವಿಷಯಕ್ಕೆ ಮೂರನೆಯ ಪ್ಯಾರಾದಲ್ಲಿ ಎರಡೇ ವಾಕ್ಯ ಕೊಟ್ಟೆವು: "ಸಿಎಂಎ ಇಂಟರ್‌ನ ಮೊದಲ ಗ್ರೂಪ್‌ನಲ್ಲಿ ತೇರ್ಗಡೆಯಾಗಿದ್ದೇನೆ, ಎರಡನೆಯ ಗ್ರೂಪ್ ಬಾಕಿ ಇದೆ. ಈ ಹುದ್ದೆಯಲ್ಲಿ ಕೇಳಿರುವ ವೆಚ್ಚದ ದಾಖಲೆಗಳನ್ನು ಈಗಿನ ಕೆಲಸದಲ್ಲಿ ನಾನೇ ನಿರ್ವಹಿಸುತ್ತಿದ್ದೇನೆ." ಡಿಸೆಂಬರ್ ಪರೀಕ್ಷೆಗೆ ಕೂರುತ್ತೇನೆಂದು ಸೇರಿಸಲೇ ಎಂದು ಅವರು ಕೇಳಿದರು. ನೋಂದಣಿ ಇನ್ನೂ ಚಾಲ್ತಿಯಲ್ಲಿದ್ದು, ಪರೀಕ್ಷಾ ಶುಲ್ಕ ಕಟ್ಟಿದ್ದರೆ ಮಾತ್ರ ಬರೆಯಿರಿ ಎಂದೆ.

ಆ ಸಾಲುಗಳನ್ನು ಬಿಟ್ಟುಬಿಡಬಹುದಿತ್ತು, ಸಂದರ್ಶನದಲ್ಲಿ ಕೇಳಿದರೆ ಹೇಳಿದರಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಂಪನಿಯ ಸಂಭಾವ್ಯ ಹೊಣೆಯನ್ನು ಲೆಕ್ಕಪತ್ರದ ಟಿಪ್ಪಣಿಯಲ್ಲಿ ತೋರಿಸುವಂತೆ ಇದನ್ನೂ ಅದರ ಜಾಗದಲ್ಲಿ, ಅದರ ಅಳತೆಯಲ್ಲಿ ತೋರಿಸಬೇಕು. ಮುಚ್ಚಿಟ್ಟದ್ದು ಅಂಕಪಟ್ಟಿ ಪರಿಶೀಲನೆಯ ದಿನ ಹೊರಬಿದ್ದರೆ ಲೆಕ್ಕಿಗರ ಮೇಲಿನ ನಂಬಿಕೆಯೇ ಹೋಗುತ್ತದೆ. ಅದೇ ಕಾರಣಕ್ಕೆ, ಅವರ ಬಯೋಡೇಟಾದಲ್ಲಿ ಬರಿದೇ "ಸಿಎಂಎ ಇಂಟರ್" ಎಂದಿದ್ದ ಸಾಲನ್ನು "ಮೊದಲ ಗ್ರೂಪ್ ಮಾತ್ರ" ಎಂದು ತಿದ್ದಿಸಿದೆ.

ಈ ಸಲಹೆ "ಆದ್ಯತೆ" ಎಂದಿರುವ ಕಡೆಗಷ್ಟೇ ಸಲ್ಲುತ್ತದೆ. ತೆರಿಗೆ ಲೆಕ್ಕಪರಿಶೋಧನೆಯ ವರದಿಗೆ ಚಾರ್ಟರ್ಡ್ ಅಕೌಂಟೆಂಟರೇ ಸಹಿ ಹಾಕಬೇಕೆಂಬುದು ಕಾನೂನು. ಅಂಥ ಸಹಿ ಬೇಡುವ ಕೆಲಸಕ್ಕೆ ಎಷ್ಟು ವರ್ಷದ ಅನುಭವವೂ ಬದಲಿಯಾಗದು. "ಕಡ್ಡಾಯ" ಎಂದಿದ್ದರೆ, ಒಂದು ಗ್ರೂಪ್ ಆದವರನ್ನು ಪರಿಗಣಿಸುತ್ತೀರಾ ಎಂದು ಮೊದಲೇ ಫೋನ್ ಮಾಡಿ ಕೇಳಿ, ಆಮೇಲೆ ಪತ್ರ ಬರೆಯಲು ಕೂರಿ.