ರೆಪೊ ದರ ಇಳಿದರೆ ಬೇಡಿಕೆ ಏರುವುದು ಹೇಗೆ?

ಪ್ರಶ್ನೆ: ಆರ್‌ಬಿಐ ಬಡ್ಡಿ ಇಳಿಸಿದರೆ ಜನ ಹೆಚ್ಚು ಖರ್ಚು ಮಾಡ್ತಾರೆ, ಕಂಪನಿಗಳು ಹೂಡಿಕೆ ಮಾಡ್ತವೆ ಅಂತಾರಲ್ಲ, ಅದು ಹಂತ ಹಂತವಾಗಿ ಹೇಗೆ ಆಗುತ್ತೆ?

ಉತ್ತರ: 2025ರ ಫೆಬ್ರುವರಿಯಿಂದ ಜೂನ್‌ವರೆಗೆ ಆರ್‌ಬಿಐ ರೆಪೊ ದರವನ್ನು 6.5ರಿಂದ 5.5ಕ್ಕೆ ಇಳಿಸಿತು. ಬ್ಯಾಂಕುಗಳು ಆರ್‌ಬಿಐನಿಂದ ಅಲ್ಪಾವಧಿಗೆ ಸಾಲ ಪಡೆಯುವ ದರವಿದು. ರೆಪೊಗೆ ಜೋಡಿಸಿದ ಗೃಹಸಾಲದ ಬಡ್ಡಿ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಇಳಿಯುತ್ತದೆ.

20 ವರ್ಷಕ್ಕೆ 30 ಲಕ್ಷ ಸಾಲವಿದೆ ಎನ್ನಿ. ಬಡ್ಡಿ 8.5ರಿಂದ 7.5ಕ್ಕೆ ಬಂದರೆ ತಿಂಗಳ ಕಂತು ಸುಮಾರು 26,035ರಿಂದ 24,168 ರೂಪಾಯಿಗೆ ಇಳಿಯುತ್ತದೆ. ಉಳಿದ ಸುಮಾರು 1,870 ರೂಪಾಯಿ ಅಂಗಡಿಗೆ ಹೋದರೆ ಅದೇ ಬಳಕೆ. ಆದರೆ ಬ್ಯಾಂಕು ಕಂತನ್ನು ಹಾಗೇ ಬಿಟ್ಟು ಅವಧಿಯನ್ನು ಕಡಿಮೆ ಮಾಡುವುದೂ ಉಂಟು. ಆಗ ಸಾಲ ಸುಮಾರು ಮೂರು ವರ್ಷ ಮೊದಲೇ ತೀರುತ್ತದೆ, ಈ ತಿಂಗಳು ಕೈಗೆ ಬಿಡಿಗಾಸೂ ಬರುವುದಿಲ್ಲ. ಇದನ್ನು ಪಠ್ಯಪುಸ್ತಕಗಳು ಹೇಳುವುದು ಅಪರೂಪ.

ಹೂಡಿಕೆಯ ಲೆಕ್ಕ ಬೇರೆ. ಹೊಸ ಯಂತ್ರದಿಂದ ಶೇ 9 ಲಾಭ ನಿರೀಕ್ಷಿಸುವ ಕಾರ್ಖಾನೆಯವರು ಶೇ 9.5ರ ಸಾಲ ಮಾಡಲಾರರು, ಶೇ 8.5ಕ್ಕೆ ಸಿಕ್ಕರೆ ಮಾಡಿಯಾರು. ಆ ಯಂತ್ರಕ್ಕೆ ಕೊಟ್ಟ ಹಣ ಅದನ್ನು ತಯಾರಿಸಿದವರ ಸಂಬಳವಾಗಿ, ಅದರಲ್ಲೊಂದು ಪಾಲು ಮತ್ತೆ ಖರ್ಚಾಗಿ ಸುತ್ತುತ್ತದೆ. ಬಳಕೆ, ಹೂಡಿಕೆ ಎರಡೂ ಸೇರಿ ಒಟ್ಟು ಬೇಡಿಕೆ ಹಿಗ್ಗುವುದು ಹೀಗೆ.

ಆದರೆ ಇರುವ ಯಂತ್ರಗಳೇ ಅರ್ಧ ದಿನ ಖಾಲಿ ನಿಂತಿದ್ದರೆ ಬಡ್ಡಿ ಎಷ್ಟು ಇಳಿದರೂ ಹೊಸದನ್ನು ಯಾರೂ ಕೊಳ್ಳುವುದಿಲ್ಲ. ಇನ್ನು ಠೇವಣಿ ಬಡ್ಡಿಯೂ ಇಳಿದಾಗ ಅದರಲ್ಲೇ ಬದುಕುವ ನಿವೃತ್ತರು ಖರ್ಚನ್ನು ಬಿಗಿಹಿಡಿಯುತ್ತಾರೆ.