ಡೆಬಿಟ್ ಖಾತೆ ಬಿಲ್ಲಿನ ಮೇಲೆ ಬರೆದಿರುವುದಿಲ್ಲ

ಪ್ರಶ್ನೆ: ಸಪ್ಲೈಯರ್ ಬಿಲ್‌ಗಳನ್ನು ಸ್ಕ್ಯಾನ್ ಮಾಡಿ ಸಾಫ್ಟ್‌ವೇರ್‌ಗೆ ಹಾಕುತ್ತೇವೆ. ಒಬ್ಬೊಬ್ಬ ಸಪ್ಲೈಯರ್‌ಗೆ ಒಂದೊಂದು ಖರ್ಚಿನ ಲೆಡ್ಜರ್ ಕಟ್ಟಿಟ್ಟಿದ್ದೇವೆ, ಎಂಟ್ರಿ ತಾನಾಗಿಯೇ ಬೀಳುತ್ತದೆ. ಟ್ರಯಲ್ ಬ್ಯಾಲೆನ್ಸೂ ಟ್ಯಾಲಿ ಆಗುತ್ತದೆ. ಆದರೂ ಆಡಿಟರ್ ಪ್ರತಿ ವರ್ಷ ತಪ್ಪು ತೆಗೆಯುತ್ತಾರೆ. ಯಾಕೆ?

ತಪ್ಪು ಇರುವುದರಿಂದಲೇ ತೆಗೆಯುತ್ತಾರೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಿದೆ ಎಂದರೆ ಎರಡೂ ಕಡೆಯ ಮೊತ್ತ ಸಮ ಇದೆ ಎಂದಷ್ಟೇ ಅರ್ಥ. ಯಂತ್ರ ಕೊಂಡ ಹಣವನ್ನು ಸ್ಟೇಷನರಿ ಖರ್ಚಿಗೆ ಬರೆದರೂ ಅದು ಟ್ಯಾಲಿ ಆಗುತ್ತದೆ. ಸಪ್ಲೈಯರ್ ಹೆಸರು ನೋಡಿ ಗೊತ್ತಾಗುವುದು ಕ್ರೆಡಿಟ್ ಖಾತೆ ಮಾತ್ರ. ಡೆಬಿಟ್ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಬಿಲ್ಲಿನ ಒಂದೊಂದು ಸಾಲು ಓದಿ, ಆ ವಸ್ತು ನಿಮ್ಮಲ್ಲಿ ಯಾವುದಕ್ಕೆ ಬಳಕೆಯಾಗುತ್ತದೆ ಎಂದು ನೋಡಿ ತೀರ್ಮಾನಿಸಬೇಕು.

ಒಂದು ಬಿಲ್ ತೆಗೆದುಕೊಳ್ಳೋಣ. ಹುಬ್ಬಳ್ಳಿಯ ಒಂದು ಕಂಪನಿಗೆ ಬೆಂಗಳೂರಿನ ಸಪ್ಲೈಯರ್ ಜನವರಿ 1ಕ್ಕೆ ಕೊಟ್ಟ ಬಿಲ್ಲಿನಲ್ಲಿ ಮೂರು ಸಾಲುಗಳಿವೆ: ಜೆರಾಕ್ಸ್ ಯಂತ್ರ 84,000 ರೂಪಾಯಿ, ಟೋನರ್ 7,000, ಒಂದು ವರ್ಷದ ನಿರ್ವಹಣಾ ಒಪ್ಪಂದ 36,000. ತೆರಿಗೆಗೆ ಮೊದಲಿನ ಮೊತ್ತ 1,27,000. ಶೇ 9ರಂತೆ ಸಿಜಿಎಸ್‌ಟಿ 11,430, ಎಸ್‌ಜಿಎಸ್‌ಟಿ 11,430. ಒಟ್ಟು 1,49,860. ನಿಮ್ಮ ಸಾಫ್ಟ್‌ವೇರ್ ಇದನ್ನೆಲ್ಲ ಒಂದೇ ಉಸಿರಿಗೆ "ಪ್ರಿಂಟಿಂಗ್ ಮತ್ತು ಸ್ಟೇಷನರಿ"ಗೆ ಹಾಕಿರುತ್ತದೆ, ಏಕೆಂದರೆ ಇದೇ ಸಪ್ಲೈಯರ್ ಹಿಂದಿನ ತಿಂಗಳು ಬರೀ ಟೋನರ್ ಕೊಟ್ಟಿದ್ದರು. ಎಂಟ್ರಿ ಆಗಬೇಕಾದದ್ದು ಹೀಗೆ:

ಆಫೀಸ್ ಸಲಕರಣೆ – ಡೆಬಿಟ್ 84,000
ಪ್ರಿಂಟಿಂಗ್ ಮತ್ತು ಸ್ಟೇಷನರಿ – ಡೆಬಿಟ್ 7,000
ರಿಪೇರಿ ಮತ್ತು ನಿರ್ವಹಣೆ – ಡೆಬಿಟ್ 9,000
ಮುಂಗಡ ಪಾವತಿಸಿದ ಖರ್ಚು – ಡೆಬಿಟ್ 27,000
ಇನ್‌ಪುಟ್ ಸಿಜಿಎಸ್‌ಟಿ – ಡೆಬಿಟ್ 11,430
ಇನ್‌ಪುಟ್ ಎಸ್‌ಜಿಎಸ್‌ಟಿ – ಡೆಬಿಟ್ 11,430
ಪಾವತಿಸಬೇಕಾದ ಟಿಡಿಎಸ್ – ಕ್ರೆಡಿಟ್ 720
ಸಪ್ಲೈಯರ್ – ಕ್ರೆಡಿಟ್ 1,49,140

ಯಂತ್ರ ವರ್ಷಗಟ್ಟಲೆ ಕೆಲಸಕ್ಕೆ ಬರುವುದರಿಂದ ಅದು ಆಸ್ತಿ. ಖರ್ಚಿಗೆ ಬರೆದರೆ 84,000ದಲ್ಲಿ ಆ ವರ್ಷದ ಸವಕಳಿ ಕಳೆದು ಉಳಿದಷ್ಟು ಲಾಭ ಕಡಿಮೆ ಕಾಣುತ್ತದೆ, ಸವಕಳಿಯ ಪಟ್ಟಿಯಲ್ಲಿ ಯಂತ್ರವೇ ಇರುವುದಿಲ್ಲ. ನಿರ್ವಹಣಾ ಒಪ್ಪಂದಕ್ಕೆ ತಿಂಗಳಿಗೆ 3,000 ಬೀಳುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ 9,000 ಮಾತ್ರ ಈ ವರ್ಷದ ಖರ್ಚು. ಉಳಿದ 27,000 ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನದು, ಅದನ್ನು ಮುಂದಿನ ವರ್ಷ ತಿಂಗಳು ತಿಂಗಳೂ ಖರ್ಚಿಗೆ ವರ್ಗಾಯಿಸಬೇಕು. ಒಪ್ಪಂದದ ಅವಧಿ ಬಿಲ್ಲಿನ ವಿವರಣೆಯಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲೋ ಇರುತ್ತದೆ. ಸ್ಕ್ಯಾನ್ ಅದನ್ನು ಅಕ್ಷರವಾಗಿ ಓದಿಟ್ಟರೂ ತಾರೀಖಿನ ಲೆಕ್ಕ ಹಾಕಬೇಕಾದವರು ನೀವೇ.

ಟಿಡಿಎಸ್ ಬಗ್ಗೆ ಗಮನವಿಡಿ, ಹೆಚ್ಚಿನವರು ಎಡವುವುದು ಇಲ್ಲೇ. ಅದು ಬಿಲ್ಲಿನ ಮೇಲೆ ಎಲ್ಲೂ ಅಚ್ಚಾಗಿರುವುದಿಲ್ಲ, ಹಾಗಾಗಿ ಯಾವ ಸ್ಕ್ಯಾನರ್‌ಗೂ ಕಾಣುವುದಿಲ್ಲ. ನಿರ್ವಹಣೆ ಗುತ್ತಿಗೆ ಕೆಲಸ, ಒಂದೇ ಬಿಲ್ಲಿನಲ್ಲಿ 30,000 ದಾಟಿದೆ, ಸಪ್ಲೈಯರ್ ಕಂಪನಿ. ಆದ್ದರಿಂದ ಶೇ 2, ಅಂದರೆ 720. (ಸಪ್ಲೈಯರ್ ವೈಯಕ್ತಿಕ ಮಾಲೀಕತ್ವದವರಾಗಿದ್ದರೆ ಶೇ 1.) ಜಿಎಸ್‌ಟಿ ಪ್ರತ್ಯೇಕವಾಗಿ ತೋರಿಸಿರುವುದರಿಂದ 36,000ದ ಮೇಲೆ ಮಾತ್ರ ಲೆಕ್ಕ, ತೆರಿಗೆಯ ಮೇಲೆ ಅಲ್ಲ. ಖಾತೆಗೆ ಜಮಾ ಮಾಡುವುದು, ಹಣ ಕೊಡುವುದು, ಇವೆರಡರಲ್ಲಿ ಯಾವುದು ಮೊದಲೋ ಆಗಲೇ ಕಡಿತ. ಅದಕ್ಕೇ ಪೇಮೆಂಟ್ ದಿನದವರೆಗೆ ಕಾಯದೆ ಈ ಎಂಟ್ರಿಯಲ್ಲೇ ಅದು ಬರಬೇಕು. ಬಿಟ್ಟರೆ ಸಪ್ಲೈಯರ್‌ಗೆ ಪೂರ್ತಿ 1,49,860 ಹೋಗಿರುತ್ತದೆ. ಆಮೇಲೆ 720ನ್ನೂ ತಿಂಗಳಿಗೆ ಶೇ 1ರ ಬಡ್ಡಿಯನ್ನೂ ಹುಬ್ಬಳ್ಳಿಯ ಕಂಪನಿಯೇ ಹೊರಬೇಕಾಗುತ್ತದೆ.

ಇನ್ನು ಸ್ಕ್ಯಾನ್ ಓದಿದ ಅಂಕಿಗಳ ಮಾತು. 3 ಮತ್ತು 8, 1 ಮತ್ತು 7 ಅದಲುಬದಲಾಗುತ್ತವೆ, ಅದೂ ಮಾಸಿದ ಥರ್ಮಲ್ ಪೇಪರ್‌ನಲ್ಲಿ ಹೆಚ್ಚು. ಎಂಟ್ರಿ ಪೋಸ್ಟ್ ಮಾಡುವ ಮೊದಲು ಮೂರು ಲೆಕ್ಕ ಹಾಕಿ ನೋಡಿ: ಸಾಲುಗಳ ಮೊತ್ತ ತೆರಿಗೆಗೆ ಮೊದಲಿನ ಮೊತ್ತಕ್ಕೆ ಸಮವೇ, ಅದಕ್ಕೆ ಶೇ 9 ಹಾಕಿದರೆ ತೆರಿಗೆ ಸರಿ ಬರುತ್ತದೆಯೇ, ಎಲ್ಲ ಕೂಡಿದರೆ ಒಟ್ಟು ಸಿಗುತ್ತದೆಯೇ. 11,430ನ್ನು 11,480 ಎಂದು ಓದಿದ್ದರೆ ಎರಡನೇ ಲೆಕ್ಕದಲ್ಲೇ ಸಿಕ್ಕಿಬೀಳುತ್ತದೆ. ಮೇಲಾಗಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡೂ ಸಮ ಇರಲೇಬೇಕು. ಕೆಲವು ಸಾಫ್ಟ್‌ವೇರ್‌ಗಳು ಇಂಥ ವ್ಯತ್ಯಾಸವನ್ನು ಸದ್ದಿಲ್ಲದೆ "ರೌಂಡ್ ಆಫ್" ಲೆಡ್ಜರ್‌ಗೆ ತಳ್ಳುತ್ತವೆ. ಆ ಲೆಡ್ಜರ್ ತೆರೆದು ನೋಡಿ. ಅದರಲ್ಲಿ ಒಂದು ರೂಪಾಯಿಗಿಂತ ದೊಡ್ಡ ಎಂಟ್ರಿ ಇದ್ದರೆ ಅದು ರೌಂಡ್ ಆಫ್ ಅಲ್ಲ, ಓದಿನ ತಪ್ಪು. ಆ ಬಿಲ್ಲನ್ನು ಮತ್ತೆ ತೆಗೆಯಲೇಬೇಕು.

ಜಿಎಸ್‌ಟಿ ಸಂಖ್ಯೆಯನ್ನೂ ಹೀಗೇ ಪರೀಕ್ಷಿಸಬಹುದು. ಅದರ 15 ಸ್ಥಾನಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಮುಂದಿನ ಹತ್ತು ಪ್ಯಾನ್. 8ರಿಂದ 11ನೇ ಸ್ಥಾನದವರೆಗೆ ಅಂಕಿಯೇ ಇರಬೇಕು. ಅಲ್ಲಿ B ಬಂದಿದ್ದರೆ ಮೂಲದಲ್ಲಿ 8 ಇರುತ್ತದೆ, S ಬಂದಿದ್ದರೆ 5. ಇ-ಇನ್ವಾಯ್ಸ್ ಆದರೆ ಕ್ಯೂಆರ್ ಕೋಡ್ ಓದಿಸಿ: ಎರಡೂ ಕಡೆಯ ಜಿಎಸ್‌ಟಿ ಸಂಖ್ಯೆ, ಬಿಲ್ ನಂಬರ್, ತಾರೀಖು, ಒಟ್ಟು ಮೊತ್ತ ಅದರಲ್ಲೇ ಇರುತ್ತವೆ. ಚಿತ್ರದಿಂದ ಊಹಿಸಿದ ಅಂಕಿಗಿಂತ ಅದನ್ನು ನಂಬಿ. ಆದರೆ ನೆನಪಿರಲಿ, ಮೂರು ಸಾಲುಗಳ ಬೆಲೆ ಕ್ಯೂಆರ್‌ನಲ್ಲಿ ಬಿಡಿಬಿಡಿಯಾಗಿ ಇರುವುದಿಲ್ಲ. ಸಾಲುಗಳನ್ನು ಕಣ್ಣಿಟ್ಟು ಓದುವ ಕೆಲಸ ಆಗಲೂ ತಪ್ಪುವುದಿಲ್ಲ.

ಸಪ್ಲೈಯರ್‌ಗೊಂದು ಖರ್ಚಿನ ಲೆಡ್ಜರ್ ಎನ್ನುವ ನಿಯಮವನ್ನು ಇಂದೇ ತೆಗೆದು, ಸಾಲಿನ ವಿವರಣೆ ಮತ್ತು ಎಚ್‌ಎಸ್‌ಎನ್ ಸಂಕೇತದ ಮೇಲೆ ನಿಯಮ ಕಟ್ಟಿ. ಅದೂ ಸಲಹೆಯಾಗಿ ಮಾತ್ರ ಇರಲಿ, ಪೋಸ್ಟ್ ಮಾಡುವ ಗುಂಡಿ ಮನುಷ್ಯರ ಕೈಯಲ್ಲಿರಲಿ.

ಪ್ರಶ್ನೆ: ಒಟ್ಟು ಮೊತ್ತವನ್ನೇ ಖರೀದಿಗೆ ಹಾಕಿ, ಜಿಎಸ್‌ಟಿಯನ್ನು ವರ್ಷದ ಕೊನೆಗೆ ಬೇರ್ಪಡಿಸಿದರೆ ಆಗದೇ? ನಮಗೆ ಗೊತ್ತಿರುವ ಕನ್ಸಲ್ಟೆಂಟ್ ಒಬ್ಬರು ಹಾಗೇ ಮಾಡಿಸುತ್ತಾರೆ.

ಆಗದು. ಇನ್‌ಪುಟ್ ತೆರಿಗೆಯ ಕ್ರೆಡಿಟ್ ಪಡೆಯುವುದು ತಿಂಗಳ ಜಿಎಸ್‌ಟಿಆರ್-2ಬಿ ಜೊತೆ ಬಿಲ್ ಬಿಲ್ಲಿಗೂ ತಾಳೆ ನೋಡಿದ ಮೇಲೆ. ಯಂತ್ರದ ತೆರಿಗೆಯನ್ನು ಬೆಲೆಗೆ ಸೇರಿಸಿ ಅದರ ಮೇಲೂ ಸವಕಳಿ ತೆಗೆದರೆ ಆ ಕ್ರೆಡಿಟ್ ಕಾನೂನಿನ ಪ್ರಕಾರವೇ ಹೋಯಿತು. ಕನ್ಸಲ್ಟೆಂಟ್ ಬದಲಾಯಿಸಿ.

ಪ್ರಶ್ನೆ: ಹಣ ಕೊಡುವುದು ಸಪ್ಲೈಯರ್‌ಗೆ ತಾನೇ? ಬಿಲ್ ಬಂದಾಗಲೇ ಅವರನ್ನು ಡೆಬಿಟ್ ಮಾಡಬಾರದೇ?

ಬಿಲ್ ಬಂದಾಗ ಸಾಲ ಹುಟ್ಟುತ್ತದೆ, ಕ್ರೆಡಿಟ್. ಹಣ ಕೊಟ್ಟಾಗ ಸಾಲ ತೀರುತ್ತದೆ, ಡೆಬಿಟ್.

ಪ್ರಶ್ನೆ: ಪ್ರೊಫಾರ್ಮಾ ಇನ್ವಾಯ್ಸ್ ಸ್ಕ್ಯಾನ್ ಆಗಿ ಎಂಟ್ರಿ ಬಿದ್ದಿದೆ. ನಿಜವಾದ ಬಿಲ್ ಬಂದಾಗ ಏನು ಮಾಡಲಿ?

ಮೊದಲಿನ ಎಂಟ್ರಿ ರದ್ದು ಮಾಡಿ. ಪ್ರೊಫಾರ್ಮಾಕ್ಕೆ ಎಂಟ್ರಿಯೇ ಇಲ್ಲ.

ಪ್ರಶ್ನೆ: ಒಂದೇ ಬಿಲ್ ಎರಡು ಸಲ ಬೀಳುತ್ತಿದೆ. ಡ್ಯೂಪ್ಲಿಕೇಟ್ ಎಚ್ಚರಿಕೆ ಇದ್ದರೂ ಹಿಡಿಯುತ್ತಿಲ್ಲ.

ಒಂದು ಸಲ INV/0045 ಎಂದೂ ಇನ್ನೊಂದು ಸಲ INV-45 ಎಂದೂ ಓದಿರುತ್ತದೆ. ಬಿಲ್ ನಂಬರ್ ಒಂದನ್ನೇ ಹೋಲಿಸಬೇಡಿ. ಸಪ್ಲೈಯರ್‌ನ ಜಿಎಸ್‌ಟಿ ಸಂಖ್ಯೆ, ತಾರೀಖು, ಒಟ್ಟು ಮೊತ್ತ ಮೂರನ್ನೂ ಸೇರಿಸಿ ಹೋಲಿಸಿದರೆ ಸಿಗುತ್ತದೆ.