ಬಿಡಿ ಕೆಲಸದ ಟೆಂಡರ್: ದಾಸ್ತಾನಿನ ಸಾಮಗ್ರಿಗೆ ಯಾವ ಬೆಲೆ?

ಹಿಂದೆ ಕೊಂಡಿಟ್ಟ ಸಾಮಗ್ರಿಯನ್ನು ಕನಿಷ್ಠ ಟೆಂಡರ್‌ ಮೊತ್ತದಲ್ಲಿ ಯಾವ ಬೆಲೆಗೆ ಹಿಡಿಯಬೇಕು?

ಕೊಂಡ ಬೆಲೆಯನ್ನು ಬಿಟ್ಟುಬಿಡಿ. ಆ ಹಣ ಆಗಲೇ ಖರ್ಚಾಗಿದೆ. ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿಗೆ ಗೇಟಿನ ಕೆಲಸ ಬಂದಿದೆ ಎಂದುಕೊಳ್ಳೋಣ. ಅದಕ್ಕೆ ಬೇಕಾದ 200 ಕಿಲೋ ಕಬ್ಬಿಣದ ಆಂಗಲ್ ಅನ್ನು ಕಿಲೋಗೆ ₹50ರಂತೆ ಕೊಂಡಿದ್ದರೂ, ಅದು ದಿನನಿತ್ಯ ಬಳಕೆಯ ಮಾಲಾದ್ದರಿಂದ ಇಲ್ಲಿ ಬಳಸಿದಷ್ಟನ್ನು ಇಂದಿನ ₹62ರ ದರದಲ್ಲಿ ಮತ್ತೆ ತರಲೇಬೇಕು. ಹಾಗಾಗಿ ಅದರ ಬೆಲೆ ₹12,400. ಬೇರೆಲ್ಲೂ ಉಪಯೋಗಕ್ಕೆ ಬಾರದೆ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ತಗಡಿಗೆ ಅಂದು ₹9,000 ಕೊಟ್ಟಿದ್ದರೂ, ಗುಜರಿಯವನು ಕೊಡುವ ₹3,000ದಲ್ಲಿ ಸಾಗಣೆಯ ₹400 ಕಳೆದು ₹2,600 ಮಾತ್ರ ಹಿಡಿಯಬೇಕು. ಹೊಸದಾಗಿ ಕೊಳ್ಳುವ ಬಣ್ಣ ಮತ್ತು ಓವರ್‌ಟೈಮ್ ಸೇರಿ ₹5,000 ಆದರೆ ಕನಿಷ್ಠ ಟೆಂಡರ್ ₹20,000. ಹೇಗೂ ಸಂಬಳ ಪಡೆಯುವ ಖಾಯಂ ಕೆಲಸಗಾರರು ಆ ದಿನಗಳಲ್ಲಿ ಬಿಡುವಾಗಿದ್ದರೆ ಅವರ ಸಂಬಳ ಇದರಲ್ಲಿ ಸೇರದು. ಲಾಭವನ್ನು ಇದರ ಮೇಲೆ ಹಾಕಿಕೊಳ್ಳಬೇಕು.